140 ಜಿಎಸ್‌ಎಂ ರೇಯಾನ್ ಅಂತ ತರಿಸಿದ ಬಟ್ಟೆ, ಲೆಕ್ಕ ಹಾಕಿದರೆ 121. ಯಾವುದು ಸರಿ?

ಸವಿತಾ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಲೇಡೀಸ್ ಟೈಲರಿಂಗ್ ಮಾಡುತ್ತೇನೆ. ಗಿರಾಕಿಯೊಬ್ಬರು ಅನಾರ್ಕಲಿಗೆ ಅಂತ ಆನ್‌ಲೈನ್‌ನಲ್ಲಿ 5 ಮೀಟರ್ ರೇಯಾನ್ ತರಿಸಿಕೊಟ್ಟಿದ್ದಾರೆ. ತಿಳಿ ಹಳದಿ ಬಣ್ಣ, ಸಣ್ಣ ಹೂವಿನ ಪ್ರಿಂಟ್. ಮಾರುವವರು "140 ಜಿಎಸ್‌ಎಂ, ಹೆವಿ ರೇಯಾನ್" ಅಂತ ಬರೆದಿದ್ದಾರೆ. ಕೈಯಲ್ಲಿ ಹಿಡಿದರೆ ನನಗೆ ಹೆವಿ ಅನಿಸಲಿಲ್ಲ. ಅಡುಗೆಮನೆ ತಕ್ಕಡಿಯಲ್ಲಿ ಇಡೀ ಬಟ್ಟೆ ತೂಗಿದೆ, 690 ಗ್ರಾಂ ಬಂತು. ಐದರಿಂದ ಭಾಗಿಸಿದರೆ ಮೀಟರಿಗೆ 138 ಗ್ರಾಂ. ಸರಿಯಾಗೇ ಇದೆ ಅಂದುಕೊಂಡೆ. ಆದರೆ ಡಿಗ್ರಿ ಓದುವ ನಮ್ಮ ಅಕ್ಕನ ಮಗಳು ಹಾಗೆ ಭಾಗಿಸಬಾರದು, ಪನ್ನವನ್ನೂ ಸೇರಿಸಬೇಕು ಅಂತ ಹೇಳಿ 121 ಅಂತ ಲೆಕ್ಕ ಕೊಟ್ಟಳು. ಪನ್ನ ಅಳೆದಾಗ 45 ಇಂಚು ಇತ್ತು.

ಈಗ ನನ್ನ ಪ್ರಶ್ನೆ ಎರಡು. ಯಾರ ಲೆಕ್ಕ ಸರಿ? ಗಿರಾಕಿ ಲೈನಿಂಗ್ ಬೇಡ ಅಂತಿದ್ದಾರೆ, ಈ ಬಟ್ಟೆಗೆ ಅದು ನಡೆಯುತ್ತಾ?

ಮಂಜುನಾಥ್ ಕೆ.

ಮೇಡಂ, ಜಿಎಸ್‌ಎಂ ಜಾಸ್ತಿ ಇದ್ದಷ್ಟು ಬಟ್ಟೆ ಒಳ್ಳೇದು. ಅದು ಕ್ವಾಲಿಟಿಯ ಅಳತೆ. 121 ಅಂದರೆ ಕಳಪೆ ಮಾಲು, ವಾಪಸ್ ಕಳಿಸಿ 180ರದ್ದು ತರಿಸಲು ಹೇಳಿ. ನೂಲಿನ ಕೌಂಟ್ ಕೂಡ ಕೇಳಿ. ಕೌಂಟ್ ನಂಬರ್ ದೊಡ್ಡದಾದಷ್ಟೂ ನೂಲು ತೆಳು, ಬಟ್ಟೆ ಹಗುರ. ನಮ್ಮ ಮಾವನ ಬಟ್ಟೆ ಅಂಗಡಿಯಲ್ಲಿ ನಾನು ಕೂತಿದ್ದೆ, ಅದಕ್ಕೆ ಹೇಳ್ತಿದ್ದೀನಿ.

ಶಿವಲೀಲಾ, ಪೀಣ್ಯ

ಸವಿತಾ ಅವರೇ, ವಾಪಸ್ ಕಳಿಸುವ ಮೊದಲು ಇದನ್ನು ಓದಿ. ನಾನು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಬಟ್ಟೆ ತಪಾಸಣೆ ವಿಭಾಗದಲ್ಲಿದ್ದೇನೆ. ಬಂದ ತಾನುಗಳ ತೂಕ ನೋಡುವುದೇ ನಮ್ಮ ಬೆಳಗಿನ ಕೆಲಸ.

ನಿಮ್ಮದೂ ನಿಮ್ಮ ಅಕ್ಕನ ಮಗಳದ್ದೂ ಎರಡೂ ಲೆಕ್ಕ ಸರಿ. ಆದರೆ ಎರಡೂ ಬೇರೆ ಬೇರೆ ಸಂಗತಿಯನ್ನು ಹೇಳುತ್ತವೆ. 138 ಅನ್ನುವುದು ತಾನಿನಿಂದ ಕತ್ತರಿಸಿದ ಒಂದು ಮೀಟರ್ ಉದ್ದದ ತೂಕ, ಪನ್ನ ಎಷ್ಟೇ ಇರಲಿ. ಜಿಎಸ್‌ಎಂ ಅಂದರೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕದ ತೂಕ. 45 ಇಂಚು ಅಂದರೆ 1.143 ಮೀಟರ್. 5 ಮೀಟರ್ ಉದ್ದಕ್ಕೆ ಗುಣಿಸಿದರೆ 5.715 ಚದರ ಮೀಟರ್. 690 ಗ್ರಾಂ ಅನ್ನು ಅದರಿಂದ ಭಾಗಿಸಿದರೆ 120.7. ಹುಡುಗಿ ಲೆಕ್ಕ ಚೆನ್ನಾಗಿ ಹಾಕಿದ್ದಾಳೆ.

ಹಾಗಾದರೆ ಮಾರುವವರು 140 ಅಂದದ್ದು ಯಾಕೆ? ರೇಯಾನ್ ಸಗಟು ಮಾರುಕಟ್ಟೆಯಲ್ಲಿ "14 ಕೆಜಿ ರೇಯಾನ್" ಅನ್ನುವ ಮಾತು ಬಹಳ ಬಳಕೆಯಲ್ಲಿದೆ. 100 ಮೀಟರ್ ತಾನು 14 ಕೆಜಿ ತೂಗುತ್ತದೆ ಅಂತ ಅದರ ಅರ್ಥ. ಅಂದರೆ ಮೀಟರಿಗೆ 140 ಗ್ರಾಂ. ಅದನ್ನೇ ಎಷ್ಟೋ ಜನ ಆನ್‌ಲೈನ್‌ನಲ್ಲಿ 140 ಜಿಎಸ್‌ಎಂ ಅಂತ ಬರೆದುಬಿಡುತ್ತಾರೆ. ಪನ್ನದ ಲೆಕ್ಕವನ್ನೇ ಬಿಟ್ಟುಬಿಡುತ್ತಾರೆ. ನಿಮಗೆ ಬಂದಿರುವುದು ಬಹುಶಃ ಆ 14 ಕೆಜಿ ಮಾಲೇ. 700 ಗ್ರಾಂ ಬರಬೇಕಾದ ಕಡೆ 690 ಬಂದಿದೆ. ಬಟ್ಟೆ ವ್ಯಾಪಾರದಲ್ಲಿ ನೂರಕ್ಕೆ ಐದರಷ್ಟು ಹೆಚ್ಚುಕಡಿಮೆಯನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಇದು ಅದರೊಳಗೇ ಇದೆ. ಮಾಲು ಕಳಪೆ ಅಲ್ಲ, ಬರೆದದ್ದು ತಪ್ಪು.

ಲೈನಿಂಗ್ ವಿಷಯ ಆಮೇಲೆ ಬರೆಯುತ್ತೇನೆ, ಶಿಫ್ಟ್ ಶುರುವಾಗುತ್ತಿದೆ.

ಪ್ರೆಸ್ ವೆಂಕಟೇಶ್

ನಮ್ಮದು ಪ್ರಿಂಟಿಂಗ್ ಪ್ರೆಸ್. ಜಿಎಸ್‌ಎಂ ಅನ್ನುವುದು ಕಾಗದಕ್ಕೆ ಮಾತ್ರ ಅಂತ ನನಗೆ ಗೊತ್ತಿತ್ತು, ಬಟ್ಟೆಗೂ ಇದೆ ಅಂತ ಇವತ್ತೇ ಕೇಳಿದ್ದು. ಲೆಕ್ಕ ಒಂದೇ ಆಗಿದ್ದರೆ ಒಂದು ಉಪಾಯ ಹೇಳುತ್ತೇನೆ. ಎ4 ಹಾಳೆ ಸರಿಯಾಗಿ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ. ಬಟ್ಟೆ ಮೇಲೆ ಎ4 ಹಾಳೆ ಇಟ್ಟು, ಸುತ್ತ ಗೆರೆ ಎಳೆದು ಕತ್ತರಿಸಿ. ಆ ತುಂಡನ್ನು ತೂಗಿ 16ರಿಂದ ಗುಣಿಸಿದರೆ ಜಿಎಸ್‌ಎಂ ಬಂತು. ಪನ್ನ, ಉದ್ದ ಏನೂ ಬೇಡ.

ತಕ್ಕಡಿ ಸರಿ ಇದೆಯಾ ಅಂತ ನೋಡಲೂ ಕಾಗದ ಸಾಕು. 80 ಜಿಎಸ್‌ಎಂ ಎ4 ಹಾಳೆ ಒಂದು 5 ಗ್ರಾಂ. 20 ಹಾಳೆ ಇಟ್ಟರೆ 100 ಗ್ರಾಂ ತೋರಿಸಬೇಕು.

ಶಿವಲೀಲಾ, ಪೀಣ್ಯ

ವೆಂಕಟೇಶ್ ಸರ್, ಬಹಳ ಒಳ್ಳೆ ಉಪಾಯ. ನಾವು ಫ್ಯಾಕ್ಟರಿಯಲ್ಲಿ ಮಾಡುವುದೂ ಇದನ್ನೇ. ನಮ್ಮ ಹತ್ತಿರ ದುಂಡಗಿನ ಕಟರ್ ಇರುತ್ತದೆ, ಅದು ಸರಿಯಾಗಿ 100 ಚದರ ಸೆಂಟಿಮೀಟರ್ ತುಂಡು ಕತ್ತರಿಸುತ್ತದೆ. ತೂಗಿ 100ರಿಂದ ಗುಣಿಸಿದರೆ ಆಯಿತು.

ಒಂದು ಎಚ್ಚರಿಕೆ ಮಾತ್ರ. ಅಡುಗೆಮನೆ ತಕ್ಕಡಿ ಒಂದೊಂದೇ ಗ್ರಾಂ ತೋರಿಸುತ್ತದೆ. ಸವಿತಾ ಅವರ ರೇಯಾನ್ ಎ4 ತುಂಡು ಏಳೂವರೆ ಗ್ರಾಂ ತೂಗುತ್ತದೆ. ತಕ್ಕಡಿ 7 ತೋರಿಸಿದರೆ 112, 8 ತೋರಿಸಿದರೆ 128. ಅಷ್ಟು ವ್ಯತ್ಯಾಸ ಬಂದರೆ ಹೇಗೆ ನಂಬುವುದು? ಚಿನ್ನ ತೂಗುವಂಥ, ಗ್ರಾಂನ ಹತ್ತನೇ ಭಾಗ ತೋರಿಸುವ ಪುಟ್ಟ ತಕ್ಕಡಿ ಇದ್ದರೆ ಎ4 ತುಂಡು ಸಾಕು. ಇಲ್ಲದಿದ್ದರೆ ಇಡೀ ಬಟ್ಟೆ ತೂಗುವ ಸವಿತಾ ಅವರ ದಾರಿಯೇ ಗಟ್ಟಿ. ಗಿರಾಕಿಯ ಬಟ್ಟೆಯಿಂದ ತುಂಡು ಕತ್ತರಿಸುವ ಗೋಜೂ ಇರುವುದಿಲ್ಲ.

ಮಂಜುನಾಥ್ ಅವರೇ, ನಿಮ್ಮ ಮಾತು ಅರ್ಧ ಸರಿ. ಕೌಂಟ್ ಜಾಸ್ತಿಯಾದರೆ ನೂಲು ತೆಳು ಅನ್ನುವುದು ನಿಜ. ಆದರೆ ನೂಲು ತೆಳುವಾದ ಮಾತ್ರಕ್ಕೆ ಬಟ್ಟೆ ಹಗುರ ಆಗಲೇಬೇಕಿಲ್ಲ. ಒಂದು ಇಂಚಿನೊಳಗೆ ಎಷ್ಟು ಎಳೆ ಕೂರಿಸಿದ್ದಾರೆ ಅನ್ನುವುದೂ ಅಷ್ಟೇ ಮುಖ್ಯ. ಹಾಸಿಗೂ ಹೊಕ್ಕಿಗೂ 40 ಕೌಂಟ್ ನೂಲು, ಇಂಚಿಗೆ 92 ಹಾಸು, 88 ಹೊಕ್ಕು ಇದ್ದರೆ ಬಟ್ಟೆ ಸುಮಾರು 110 ಜಿಎಸ್‌ಎಂ ಬರುತ್ತದೆ. ಅದೇ ಎಳೆ ಲೆಕ್ಕ ಇಟ್ಟು 60 ಕೌಂಟ್ ನೂಲು ಹಾಕಿದರೆ 73ರ ಹತ್ತಿರ. ಈಗ ಅದೇ 60 ಕೌಂಟ್ ನೂಲನ್ನು ಎರಡೆರಡು ಎಳೆ ಸೇರಿಸಿ ಹುರಿ ಮಾಡಿ ನೇಯ್ದರೆ? ಕೌಂಟ್ 60 ಅಂತಲೇ ಮಾತಾಡುತ್ತಾರೆ, ತೂಕ ಮಾತ್ರ ಎರಡರಷ್ಟು.

ಇನ್ನು ಜಿಎಸ್‌ಎಂ ಜಾಸ್ತಿ ಅಂದರೆ ಒಳ್ಳೇದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಒಳ್ಳೆ ಮಲ್‌ಮಲ್ 60–70ರ ಆಸುಪಾಸಿನಲ್ಲಿ ಇರುತ್ತದೆ. ಅದು ಕಳಪೆ ಅಲ್ಲ, ಇರಬೇಕಾದ್ದೇ ಹಾಗೆ.

ಮಂಜುನಾಥ್ ಕೆ.

ಆದರೂ ಮೇಡಂ, ಒಂದೇ ಥರದ ಎರಡು ಬಟ್ಟೆ ಇದ್ದಾಗ ತೂಕ ಜಾಸ್ತಿ ಇರೋದೇ ಬಾಳಿಕೆ ಬರುತ್ತೆ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ ಎಷ್ಟು ಜನಕ್ಕೆ ಕೊಟ್ಟಿದ್ದೀವಿ.

ಶಿವಲೀಲಾ, ಪೀಣ್ಯ

ತೊಳೆದ ಮೇಲೆ ಹಿಡಿದು ನೋಡಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ. ಕಾಟನ್ ಬಟ್ಟೆಗೆ ಅಂಗಡಿಗೆ ಬರುವ ಮೊದಲೇ ಗಂಜಿ ಹಾಕಿರುತ್ತಾರೆ. ಕೆಲವು ಸಲ ಸಿಕ್ಕಾಪಟ್ಟೆ ಹಾಕಿರುತ್ತಾರೆ. ಆ ಗಂಜಿಯೂ ತೂಕದಲ್ಲಿ ಸೇರಿರುತ್ತದೆ. ಮೊದಲ ಒಗೆತಕ್ಕೆ ಅದು ನೀರಿನಲ್ಲಿ ಹೋಗುತ್ತದೆ, ಕೈಗೆ ಉಳಿಯುವುದು ಜಾಳುಜಾಳಾದ ಬಟ್ಟೆ. ಅಂಗಡಿಯಲ್ಲೇ ಗೊತ್ತು ಮಾಡಿಕೊಳ್ಳಬಹುದು. ಬಟ್ಟೆಯ ಮೂಲೆಯನ್ನು ಎರಡು ಕೈಯಲ್ಲಿ ಹಿಡಿದು ಜೋರಾಗಿ ಉಜ್ಜಿ, ಕೆಳಗೆ ಕಪ್ಪು ಬಟ್ಟೆ ಇರಲಿ. ಬಿಳಿ ಪುಡಿ ಉದುರಿದರೆ, ಉಜ್ಜಿದ ಜಾಗ ಮೆತ್ತಗಾಗಿ ಎಳೆಗಳು ಸಡಿಲ ಕಂಡರೆ, ಆ ತೂಕದಲ್ಲಿ ಗಂಜಿಯ ಪಾಲಿದೆ ಅಂತ ತಿಳಿಯಿರಿ.

ಪ್ರಶಾಂತ್, ಹಾಸನ

ನನ್ನದೂ ಇದೇ ಗೋಳು. ರಾಜ್ಯೋತ್ಸವಕ್ಕೆ ನಮ್ಮ ಸಂಘದಿಂದ ಟೀ ಶರ್ಟ್ ಮಾಡಿಸಿದೆವು. 180 ಜಿಎಸ್‌ಎಂ ಕಾಟನ್ ಅಂತ ಹೇಳಿ ದುಡ್ಡು ತಗೊಂಡರು. ಬಂದ ಮೇಲೆ ತೂಗಿದರೆ ಒಂದು ಟೀ ಶರ್ಟ್ 150 ಗ್ರಾಂ ಇದೆ. 30 ಗ್ರಾಂ ಕಡಿಮೆ! ಸಪ್ಲೈಯರ್‌ಗೆ ಕೇಳಿದರೆ ನಗುತ್ತಾರೆ. ಇದಕ್ಕೆ ಎಲ್ಲಿ ದೂರು ಕೊಡಬೇಕು?

ಶಿವಲೀಲಾ, ಪೀಣ್ಯ

ಪ್ರಶಾಂತ್, ದೂರು ಕೊಡುವ ಮುಂಚೆ ಟೇಪ್ ಹಿಡಿಯಿರಿ. ಒಂದು ಟೀ ಶರ್ಟಿನ ತೂಕ ಜಿಎಸ್‌ಎಂ ಅಲ್ಲ. ಅದರಲ್ಲಿ ಎಷ್ಟು ಚದರ ಮೀಟರ್ ಬಟ್ಟೆ ಇದೆ ಅಂತ ನೋಡಬೇಕು. ಸೈಜ್ ಯಾವುದು?

ಪ್ರಶಾಂತ್, ಹಾಸನ

ತೂಗಿದ್ದು ಎಂ ಸೈಜ್. ಮೇಜಿನ ಮೇಲೆ ಹರಡಿದರೆ ಎದೆಯ ಅಗಲ 51 ಸೆಂ.ಮೀ., ಉದ್ದ 71 ಸೆಂ.ಮೀ. ಒಂದೊಂದು ತೋಳು ಬಿಚ್ಚಿದ ಲೆಕ್ಕದಲ್ಲಿ ಸುಮಾರು 20 ಸೆಂ.ಮೀ. ಉದ್ದ, 40 ಸೆಂ.ಮೀ. ಸುತ್ತಳತೆ.

ಶಿವಲೀಲಾ, ಪೀಣ್ಯ

ಮುಂದೆ ಹಿಂದೆ ಎರಡೂ ಸೇರಿ 0.72 ಚದರ ಮೀಟರ್. ತೋಳು ಎರಡೂ ಸೇರಿ 0.16. ಕುತ್ತಿಗೆ, ಕಂಕುಳ ಹತ್ತಿರ ಕತ್ತರಿಸಿ ತೆಗೆದದ್ದು ಒಂದು 0.05 ಅಂತ ಕಳೆಯೋಣ. ಉಳಿಯುವುದು 0.83. 150 ಗ್ರಾಂ ಅನ್ನು 0.83ರಿಂದ ಭಾಗಿಸಿ ನೋಡಿ, 180 ಬರುತ್ತದೆ. ಇದು ಅಂದಾಜು ಲೆಕ್ಕ, ಹೊಲಿಗೆಯ ಮಡಿಕೆ, ಕಾಲರ್ ಪಟ್ಟಿ ಎಲ್ಲ ಸೇರಿಸಿಲ್ಲ. ಆದರೆ 150 ಜಿಎಸ್‌ಎಂ ಬಟ್ಟೆ ಕೊಟ್ಟು ಮೋಸ ಮಾಡಿದ್ದಾರೆ ಅಂತ ಈ ತೂಕ ಇಟ್ಟುಕೊಂಡು ಹೇಳಲು ಆಗುವುದಿಲ್ಲ.

ಪ್ರಶಾಂತ್, ಹಾಸನ

ಲೆಕ್ಕ ಅರ್ಥ ಆಯಿತು. ಆದರೆ ನನ್ನ ಹಳೇ 180 ಟೀ ಶರ್ಟ್ ಇದಕ್ಕಿಂತ ದಪ್ಪ ಇದೆ ಮೇಡಂ. ಅದು ಸುಳ್ಳಲ್ಲ.

ಶಿವಲೀಲಾ, ಪೀಣ್ಯ

ಹಳೆಯದು ಎಷ್ಟೋ ಸಲ ಒಗೆದು ಕುಗ್ಗಿರಬಹುದು. ಹೆಣೆದ ಬಟ್ಟೆ ಉದ್ದಕ್ಕೂ ಅಗಲಕ್ಕೂ ನೂರಕ್ಕೆ ಐದರಷ್ಟು ಕುಗ್ಗಿದರೆ, 180 ಇದ್ದದ್ದು 199 ಆಗುತ್ತದೆ. ಅದೇ ನೂಲು, ಜಾಗ ಮಾತ್ರ ಕಡಿಮೆ. ಹೊಸದರಲ್ಲಿ ಪಾಲಿಯೆಸ್ಟರ್ ಬೆರಕೆ ಇದೆಯಾ ಅನ್ನುವುದೂ ಗೊತ್ತಾಗಬೇಕು. ಅದು ತೂಕದಿಂದ ತಿಳಿಯುವುದಿಲ್ಲ.

ಈಗ ಸವಿತಾ ಅವರ ಲೈನಿಂಗ್ ಪ್ರಶ್ನೆ. ಹಗುರ, ಮಧ್ಯಮ, ಭಾರ ಅನ್ನುವುದಕ್ಕೆ ಎಲ್ಲರೂ ಒಪ್ಪುವ ಗೆರೆ ಇಲ್ಲ. ನಾವು ನಮ್ಮ ಕಡೆ ನೇಯ್ದ ಬಟ್ಟೆಯಲ್ಲಿ 100ರ ಒಳಗಿದ್ದರೆ ಹಗುರ ಅಂತೀವಿ. ಜಾರ್ಜೆಟ್, ಶಿಫಾನ್, ಮಲ್‌ಮಲ್ ಎಲ್ಲ ಅಲ್ಲಿ ಬರುತ್ತವೆ. ಶರ್ಟಿನ ಪಾಪ್ಲಿನ್, ಕುರ್ತಾ ರೇಯಾನ್ ಇವೆಲ್ಲ 100ರಿಂದ 170ರ ಮಧ್ಯೆ. 200 ದಾಟಿದರೆ ಪ್ಯಾಂಟಿನ ಬಟ್ಟೆ ಶುರು. ಜೀನ್ಸ್ 340, 400 ಹೀಗೆ ಹೋಗುತ್ತದೆ. ಟೀ ಶರ್ಟಿನಂಥ ಹೆಣೆದ ಬಟ್ಟೆಗೆ ಈ ಗೆರೆ ಇಟ್ಟು ನೋಡಬೇಡಿ. ಅಲ್ಲಿ 180 ಮಧ್ಯಮ. ಅದೇ 180ರಲ್ಲಿ ಶರ್ಟ್ ಹೊಲಿದರೆ ಚಳಿಗಾಲಕ್ಕೆ ಹಾಕುವಂಥದ್ದಾಗುತ್ತದೆ.

ನಿಮ್ಮ 121ರ ರೇಯಾನ್ ಮಧ್ಯಮದ ಕೆಳಗಿನ ತುದಿ. ಹೆವಿ ಅಲ್ಲ. ಇದರಿಂದ ಮೈ ಕಾಣುತ್ತದೋ ಇಲ್ಲವೋ ಅನ್ನುವುದನ್ನು ಜಿಎಸ್‌ಎಂ ಹೇಳುವುದಿಲ್ಲ, ಅಂದಾಜು ಮಾತ್ರ ಕೊಡುತ್ತದೆ. ಕಡುನೀಲಿಯಾಗಿದ್ದರೆ ಲೈನಿಂಗ್ ಇಲ್ಲದೆ ಹೊಲಿಯಿರಿ ಅನ್ನುತ್ತಿದ್ದೆ. ತಿಳಿ ಹಳದಿ ಅಂದಿರಲ್ಲ, ಅದಕ್ಕೆ ಪರೀಕ್ಷೆ ಮಾಡಿ. ಬಟ್ಟೆಯನ್ನು ಒಂದೇ ಪದರ ಮಾಡಿ ಬಾಗಿಲ ಬಿಸಿಲಿಗೆ ಹಿಡಿದು ಹಿಂದೆ ಕೈ ಇಡಿ. ಬೆರಳು ಬಿಡಿ ಬಿಡಿಯಾಗಿ ಕಂಡರೆ ಲೈನಿಂಗ್ ಬೇಕೇ ಬೇಕು.

ಮಂಜುನಾಥ್ ಕೆ.

ಅದಕ್ಕೇ ನಾನು 180 ತರಿಸಿ ಅಂದಿದ್ದು. ಲೈನಿಂಗ್ ಖರ್ಚು ಉಳಿಯುತ್ತಿತ್ತು ಅಲ್ವಾ?

ಶಿವಲೀಲಾ, ಪೀಣ್ಯ

ಉಳಿಯುತ್ತಿತ್ತು. ಆದರೆ ಅನಾರ್ಕಲಿಯ ಘೇರ್ ನೆನಪಿಡಿ. ಅದೇ 5 ಮೀಟರ್, ಅದೇ ಪನ್ನದಲ್ಲಿ 180 ಜಿಎಸ್‌ಎಂ ಬಟ್ಟೆ ಹಾಕಿದರೆ 1 ಕೆಜಿ ದಾಟುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಕೆಳಗಿನ ಘೇರಿನಲ್ಲೇ ಇರುತ್ತದೆ. ಆ ಭಾರವೆಲ್ಲ ಎದೆಯ ಕೆಳಗಿನ ಜೋಡಣೆ ಹೊಲಿಗೆಯಿಂದ, ಭುಜದಿಂದ ನೇತಾಡುತ್ತದೆ. ರೇಯಾನ್ ಒದ್ದೆಯಾದಾಗ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆಗಲೇ ಅದು ನೀರು ಕುಡಿದು ಇನ್ನಷ್ಟು ಭಾರ ಆಗಿರುತ್ತದೆ. ಹಗ್ಗದ ಮೇಲೆ ಭುಜ ಹಿಡಿದು ನೇತುಹಾಕಿದರೆ ಜೋಡಣೆ ಎಳೆದುಕೊಂಡು ಉಡುಪು ಉದ್ದವಾಗುತ್ತದೆ. ಅದಕ್ಕೇ ಘೇರ್ ಜಾಸ್ತಿ ಇರುವ ಉಡುಪಿಗೆ 110–140ರ ರೇಯಾನ್ ಸರಿ ಅಂತ ನನ್ನ ಅನುಭವ. ಹೆವಿ ಬಟ್ಟೆ ನೇರ ಕಟ್‌ನ ಕುರ್ತಾಕ್ಕೆ, ಪಲಾಝೋಗೆ ಇರಲಿ.

ಸುಮಂಗಲಾ, ಧಾರವಾಡ

ನಡುವೆ ಬಂದೆ, ತಪ್ಪು ತಿಳೀಬ್ಯಾಡ್ರಿ. ರೇಷ್ಮೆ ಸೀರಿಗೆ ಈ ಲೆಕ್ಕ ನಡೀತದೇನ್ರಿ? ನಾ ಒಂದು ಕ್ರೇಪ್ ಸೀರಿ ತಗೊಂಡೆ. ಅಂಗಡಿಯವರು "100 ಗ್ರಾಂ ಕ್ರೇಪ್, ದಪ್ಪ ಮಾಲು" ಅಂದ್ರು. ಮನ್ಯಾಗ ತೂಗಿದ್ರ ಸೀರಿ 480 ಗ್ರಾಂ ಐತಿ. ಬ್ಲೌಸ್ ಸೇರಿ ಉದ್ದ 6.25 ಮೀಟರ್, ಪನ್ನ 45 ಇಂಚು.

ಶಿವಲೀಲಾ, ಪೀಣ್ಯ

ಸುಮಂಗಲಾ ಅಕ್ಕ, ಲೆಕ್ಕ ಎಲ್ಲ ಬಟ್ಟೆಗೂ ಒಂದೇ. ನಿಮ್ಮ ಸೀರೆ 7.1 ಚದರ ಮೀಟರ್ ಇದೆ. 480 ಭಾಗಿಸಿದರೆ 67 ಜಿಎಸ್‌ಎಂ. ಮೀಟರ್ ಉದ್ದದ ಲೆಕ್ಕದಲ್ಲಿ 77 ಗ್ರಾಂ. ಎರಡೂ 100 ಅಲ್ಲ. ಸೀರೆಗೆ ಜರಿ ಇದ್ದರೆ ಅದರ ತೂಕವೂ ಇದರಲ್ಲೇ ಸೇರಿದೆ, ಅಂದರೆ ರೇಷ್ಮೆಯ ಪಾಲು ಇನ್ನೂ ಕಡಿಮೆ. ಅವರು ಯಾವ ಲೆಕ್ಕದಲ್ಲಿ 100 ಅಂದರು ಅಂತ ಅವರನ್ನೇ ಕೇಳಬೇಕು. 67 ಅನ್ನುವುದು ಸೀರೆಗೆ ತೆಳುವೇನೂ ಅಲ್ಲ, ಆದರೆ ಹೇಳಿದ ನಂಬರ್ ಬೇರೆ.

ಪ್ರೆಸ್ ವೆಂಕಟೇಶ್

ಇದಕ್ಕೇ ನಾವು ಕಾಗದ ತರಿಸುವಾಗ ಬಿಲ್‌ನಲ್ಲೇ ಜಿಎಸ್‌ಎಂ ಬರೆಸಿಕೊಳ್ಳುತ್ತೇವೆ. ಬಾಯಿಮಾತು ನಂಬುವುದಿಲ್ಲ.

ಸುಮಂಗಲಾ, ಧಾರವಾಡ

ಸೀರಿ ಅಂಗಡ್ಯಾಗ ಬಿಲ್ ಮ್ಯಾಲ ಯಾರು ಬರೀತಾರ್ರಿ? ಕೇಳಿ ನೋಡ್ತೀನಿ. ಬ್ಯಾರೆ ಯಾರಿಗರೆ ಈ 100 ಗ್ರಾಂ ಏನಂತ ಗೊತ್ತಿದ್ರ ಹೇಳ್ರಿ.

ಸವಿತಾ, ತುಮಕೂರು

ಎಲ್ಲರಿಗೂ ಧನ್ಯವಾದ. ಬಿಸಿಲಿಗೆ ಹಿಡಿದು ನೋಡಿದೆ, ಬೆರಳು ಸ್ಪಷ್ಟವಾಗಿ ಕಂಡವು. ಗಿರಾಕಿಗೆ ತೋರಿಸಿದೆ, ಲೈನಿಂಗ್‌ಗೆ ಒಪ್ಪಿದರು.

ಬಟ್ಟೆಯನ್ನು ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅಳೆದೆ. 5 ಮೀಟರ್ ಇದ್ದದ್ದು 4.8 ಆಗಿದೆ. ಪನ್ನ 45 ಇಂಚಿನಿಂದ 44ಕ್ಕೆ ಬಂದಿದೆ. ತೂಕ 680 ಗ್ರಾಂ. ಈಗ ಅಕ್ಕನ ಮಗಳ ಲೆಕ್ಕದಲ್ಲಿ 127 ಬರುತ್ತಿದೆ. ತೂಕ ಕಡಿಮೆಯಾಗಿ ಜಿಎಸ್‌ಎಂ ಜಾಸ್ತಿ ಆದದ್ದು ಸರೀನಾ?

ಶಿವಲೀಲಾ, ಪೀಣ್ಯ

ಸರಿಯಾಗಿದೆ. ಮೇಲಿನ ಫಿನಿಶಿಂಗ್ ತೊಳೆದುಹೋಗಿ 10 ಗ್ರಾಂ ಇಳಿಯಿತು, ಆದರೆ ಜಾಗ ಅದಕ್ಕಿಂತ ಜಾಸ್ತಿ ಕುಗ್ಗಿತು. ಹೊಲಿಯುವ ಬಟ್ಟೆಯ ನಿಜವಾದ ನಂಬರ್ ಈ 127. ಕಟಿಂಗ್ ಲೆಕ್ಕವನ್ನು 4.8 ಮೀಟರ್ ಇಟ್ಟುಕೊಂಡೇ ಮಾಡಿ, 5 ಅಂತ ನಂಬಿ ಘೇರ್ ಹಾಕಿದರೆ ತೋಳಿಗೆ ಬಟ್ಟೆ ಸಾಲುವುದಿಲ್ಲ.

ಲೈನಿಂಗ್ ಆರಿಸುವಾಗ ಇದಕ್ಕಿಂತ ಹಗುರದ್ದೇ ತೆಗೆದುಕೊಳ್ಳಿ. 70–80ರ ಕೇಂಬ್ರಿಕ್ ಸಾಕು. ಅದನ್ನೂ ನೆನೆಸಿಯೇ ಕತ್ತರಿಸಿ. ಮೇಲಿನ ಬಟ್ಟೆ ಕುಗ್ಗಿ ಮುಗಿದಿದೆ. ಲೈನಿಂಗ್ ಆಮೇಲೆ ಕುಗ್ಗಿದರೆ ಹೊಲಿಗೆ ಸುಕ್ಕು ಬರುತ್ತದೆ. ಘೇರಿಗೆ ಪೂರ್ತಿ ಲೈನಿಂಗ್ ಬೇಡ, ಮೊಣಕಾಲಿನವರೆಗೆ ನೇರ ಕಟ್ ಕೊಟ್ಟರೆ ಭಾರ ಏರುವುದಿಲ್ಲ. ಸೂಜಿ 11 ನಂಬರ್ ಹಾಕಿ. 16 ಹಾಕಿದರೆ ಈ ತೂಕದ ರೇಯಾನ್‌ನಲ್ಲಿ ತೂತು ಕಾಣುತ್ತದೆ.

ಸವಿತಾ, ತುಮಕೂರು

ಕೆಳಗಿನ ಹೆಮ್ಮಿಂಗ್ ತಕ್ಷಣ ಹೊಲಿಯಬಹುದಾ ಮೇಡಂ? ಅಂಬ್ರೆಲಾ ಕಟ್ ಹಾಕಬೇಕು ಅಂತಿದ್ದೀನಿ.

ಶಿವಲೀಲಾ, ಪೀಣ್ಯ

ಬೇಡ. ಮೇಲಿನದೆಲ್ಲ ಹೊಲಿದು ಮುಗಿಸಿ ಹ್ಯಾಂಗರ್‌ಗೆ ಹಾಕಿ ಒಂದು ರಾತ್ರಿ ಬಿಡಿ. ಕ್ರಾಸ್ ಬರುವ ಕಡೆ ಬಟ್ಟೆ ತನ್ನ ತೂಕಕ್ಕೆ ತಾನೇ ಇಳಿಯುತ್ತದೆ, ನೇರ ಎಳೆ ಇರುವ ಕಡೆ ಇಳಿಯುವುದಿಲ್ಲ. ಬೆಳಿಗ್ಗೆ ನೋಡಿದರೆ ಕೆಳಗಿನ ಅಂಚು ಏರುಪೇರಾಗಿರುತ್ತದೆ. ಗಿರಾಕಿಗೆ ತೊಡಿಸಿ, ನೆಲದಿಂದ ಸ್ಕೇಲ್ ಹಿಡಿದು ಸುತ್ತಲೂ ಗುರುತು ಹಾಕಿ, ಹೆಚ್ಚಾದದ್ದನ್ನು ಕತ್ತರಿಸಿ, ಆಮೇಲೆ ಹೆಮ್ಮಿಂಗ್ ಮಾಡಿ. ಮಡಿಕೆ ಸಣ್ಣದಿರಲಿ, ಅರ್ಧ ಇಂಚಿಗಿಂತ ಜಾಸ್ತಿ ಬೇಡ.